ಐದಕ್ಕೆ ಎರಡೂವರೆ ಯಾಕೆ ಬಂತು ಅಂದರೆ

"ದೊಡ್ಡಮ್ಮ, ಪುಟ್ಟಿಯ ಅಭ್ಯಾಸ ಪರೀಕ್ಷೆಯ ಉತ್ತರದ ಫೋಟೋ ಹಾಕಿದೀನಿ ನೋಡಿ. ಟೌನ್ ಬಸ್ಸು ಸರಿಯಾಗಿ ಬರ್ತಿಲ್ಲ ಅಂತ ಪತ್ರಿಕೆ ಸಂಪಾದಕರಿಗೆ ಪತ್ರ ಬರೆಯೋದು. ಒಂದೂವರೆ ಪುಟ ಬರೆದಿದಾಳೆ, ಆದ್ರೂ ಐದಕ್ಕೆ ಎರಡೂವರೆ ಅಷ್ಟೇ. ಏನು ತಪ್ಪಾಗಿದೆ?"

ಫೋಟೋ ಎರಡು ಸಲ ನೋಡಿದೆ ಕಣಮ್ಮ. ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿಯೂ ನೋಡಿದೆ. ಟೈಪ್ ಮಾಡುತ್ತಾ ಕೂತರೆ ರಾತ್ರಿಯಾಗುತ್ತೆ, ಅದಕ್ಕೆ ಮಾತಿನಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು. ಪುಟ್ಟಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳು.

ಮೊದಲು ಒಂದು ವಿಷಯ. ಎರಡನೇ ಪುಟದ ಮೇಲ್ಗಡೆ ಒಂದು ಸಾಲು ಬರೆದು ಹೊಡೆದು ಹಾಕಿದಾಳೆ, ನೋಡಿದೆಯಾ? "ನಿನ್ನೆ ಎರಡು ಬಸ್ಸು ಒಟ್ಟಿಗೆ ಬಂದವು, ಆಮೇಲೆ ಮುಕ್ಕಾಲು ಗಂಟೆ ಒಂದೂ ಇಲ್ಲ." ಇಡೀ ಉತ್ತರದಲ್ಲಿ ಪ್ರಶ್ನೆಗೆ ನೇರವಾಗಿ ತಾಗುವ ಸಾಲು ಅದೊಂದೇ. ಅದನ್ನೇ ಹೊಡೆದು ಹಾಕಿದಾಳೆ! ಮಾತಾಡುವ ಹಾಗೆ ಇದೆ, ಪರೀಕ್ಷೆಗೆ ಸರಿ ಹೋಗಲ್ಲ ಅನ್ನಿಸಿರಬೇಕು ಮಗುವಿಗೆ.

ಪ್ರಶ್ನೆಯಲ್ಲಿರುವುದು "ಅನಿಯಮಿತ ಸಂಚಾರ" ಅಂತ. ಅವಳು ಬರೆದಿರುವುದು ಬಸ್ಸು ಕಡಿಮೆ ಇವೆ ಅಂತ. ಎರಡೂ ಒಂದೇ ಅಲ್ಲ. ಕಾಲು ಗಂಟೆಗೊಂದು ಬಸ್ಸು ಅಂತ ವೇಳಾಪಟ್ಟಿ ಇದೆ ಅಂದುಕೋ. ಎಂಟಕ್ಕೊಂದು, ಎಂಟೂಕಾಲಿಗೊಂದು, ಎಂಟೂವರೆಗೊಂದು, ಎಂಟೂಮುಕ್ಕಾಲಿಗೊಂದು. ಈಗ ಎಂಟೂ ಹತ್ತಕ್ಕೆ ಎರಡು ಒಟ್ಟಿಗೆ ಬಂದು, ಉಳಿದೆರಡು ಒಂಬತ್ತಕ್ಕೆ ಐದು ನಿಮಿಷ ಇದ್ದಾಗ ಒಟ್ಟಿಗೆ ಬಂದವು. ಲೆಕ್ಕಕ್ಕೆ ನಾಲ್ಕು ಬಸ್ಸು ಓಡಿವೆ. ಕಾಗದದಲ್ಲಿ ಎಲ್ಲಾ ಸರಿ ಇದೆ. ಆದರೆ ಎಂಟೂಕಾಲಿಗೆ ಸ್ಟಾಪಿಗೆ ಬಂದ ಹುಡುಗಿ ನಲವತ್ತು ನಿಮಿಷ ನಿಂತಳು. ಅನಿಯಮಿತ ಅಂದರೆ ಅದು.

ಹೀಗಾಗುವುದಕ್ಕೆ ಕಾರಣವೂ ಇದೆ. ಮುಂದೆ ಹೋಗುವ ಬಸ್ಸು ಎಲ್ಲೋ ಐದು ನಿಮಿಷ ತಡವಾಗುತ್ತೆ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ ನಾವು ನಿಂತ ದಿನಗಳು ನೆನಪಿವೆಯಲ್ಲ, ಹಾಗೆ. ತಡವಾದಷ್ಟು ಮುಂದಿನ ಸ್ಟಾಪಿನಲ್ಲಿ ಜನ ಜಾಸ್ತಿ. ಹತ್ತುವುದಕ್ಕೂ ಟಿಕೆಟ್ ಹರಿಯುವುದಕ್ಕೂ ಇನ್ನಷ್ಟು ಹೊತ್ತು. ಹಿಂದಿನ ಬಸ್ಸಿಗೆ ಸ್ಟಾಪಿನಲ್ಲಿ ಜನವೇ ಇರುವುದಿಲ್ಲ, ಅದು ಖಾಲಿ ಓಡಿಬಂದು ಮುಂದಿನದನ್ನು ಹಿಡಿಯುತ್ತೆ. ಆಮೇಲೆ ಎರಡೂ ಅಣ್ಣ ತಮ್ಮಂದಿರ ಹಾಗೆ ಜೊತೆಗೇ ಓಡಾಡುತ್ತವೆ. ಇದಕ್ಕೆ "ಹೆಚ್ಚಿನ ಬಸ್ ಬಿಡಿ" ಅಂತ ಕೇಳಿದರೆ ಎರಡರ ಬದಲು ಮೂರು ಒಟ್ಟಿಗೆ ಬರುತ್ತವೆ ಅಷ್ಟೇ! ಕೇಳಬೇಕಾದ್ದು, ಹೊರಡುವ ಹೊತ್ತನ್ನು ಯಾರಾದರೂ ನಿಂತು ನೋಡಲಿ, ಎರಡು ಬಸ್ಸಿನ ನಡುವಿನ ಅಂತರ ಕಾಯಲಿ ಅಂತ. ಆ ಕೆಲಸ ಮಾಡುವವರನ್ನು ಸಂಚಾರ ನಿಯಂತ್ರಕರು ಅನ್ನುತ್ತಾರೆ. ಆ ಪದ ಪತ್ರದಲ್ಲಿ ಒಂದು ಸಲ ಬಂದರೆ ಮಗು ವಿಷಯ ತಿಳಿದು ಬರೆದಿದೆ ಅಂತ ಓದುವವರಿಗೆ ಗೊತ್ತಾಗುತ್ತೆ.

ಇನ್ನು ದೊಡ್ಡ ತಪ್ಪಿಗೆ ಬರುತ್ತೇನೆ. ಕೊನೆಯಲ್ಲಿ ಅವಳು ಬರೆದಿದಾಳೆ: "ಆದ್ದರಿಂದ ತಾವು ದಯಮಾಡಿ ನಮ್ಮ ಬಡಾವಣೆಗೆ ಹೆಚ್ಚಿನ ಬಸ್ಸುಗಳನ್ನು ಬಿಡಬೇಕೆಂದು ಕೋರುತ್ತೇನೆ." ಯಾರಿಗೆ ಹೇಳುತ್ತಿದಾಳೆ? ಸಂಪಾದಕರಿಗೆ. ಅವರ ಹತ್ತಿರ ಬಸ್ಸೆಲ್ಲಿದೆ ಕಣೇ! ನಾನು ಮೌಲ್ಯಮಾಪನಕ್ಕೆ ಹೋಗುತ್ತಿದ್ದಾಗ ಈ ಒಂದು ಸಾಲನ್ನು ಎಷ್ಟು ಮಕ್ಕಳ ಉತ್ತರದಲ್ಲಿ ನೋಡಿದೀನೋ ಲೆಕ್ಕವಿಲ್ಲ. ಡಿಪೋ ಮ್ಯಾನೇಜರಿಗೆ ಬರೆಯುವ ಮನವಿಯನ್ನು ಬಾಯಿಪಾಠ ಮಾಡಿರುತ್ತಾರೆ. "ಗೆ" ಅನ್ನುವ ಕಡೆ ಮಾತ್ರ ಸಂಪಾದಕರು ಅಂತ ಬದಲಾಯಿಸುತ್ತಾರೆ. ಒಡಲು ಹಳೇದೇ.

ಸಂಪಾದಕರ ಹತ್ತಿರ ಕೇಳುವುದು ಒಂದೇ ಒಂದು: ಈ ಪತ್ರವನ್ನು ಅಚ್ಚು ಹಾಕಿ. ಬಸ್ಸಿನ ಬೇಡಿಕೆ ಅಧಿಕಾರಿಗಳಿಗೆ ಸೇರಿದ್ದು, ಅವರು ಪತ್ರಿಕೆಯಲ್ಲಿ ಓದಲಿ ಅಂತ. ಅದಕ್ಕೇ ಬೇಡಿಕೆಯ ಸಾಲಿನಲ್ಲಿ "ತಾವು" ಬರಬಾರದು, "ಸಂಬಂಧಪಟ್ಟ ಅಧಿಕಾರಿಗಳು" ಅಂತ ಬರಬೇಕು. "ತಾವು" ಬರುವುದು ಪ್ರಕಟಿಸಿ ಅನ್ನುವ ಸಾಲಿನಲ್ಲಿ ಮಾತ್ರ. ಬರೆದಾದ ಮೇಲೆ ಪ್ರತಿ "ತಾವು" ಮೇಲೆ ಬೆರಳಿಟ್ಟು, ಇದು ಸಂಪಾದಕರ ಕೈಲಿ ಆಗುವ ಕೆಲಸವಾ ಅಂತ ಕೇಳಿಕೊಳ್ಳಲಿ. ಅರ್ಧ ನಿಮಿಷದ ಕೆಲಸ.

ವಿಷಯದ ಸಾಲೂ ಅಷ್ಟೇ. "ಬಸ್ಸಿನ ಸಮಸ್ಯೆ ಬಗ್ಗೆ" ಅಂತ ಬಿಟ್ಟಿದಾಳೆ. ಏನು ಮಾಡಬೇಕು ಅಂತ ಅದರಲ್ಲಿ ಇಲ್ಲ.

ಮೊದಲ ಪ್ಯಾರಾ ಪೂರ್ತಿ ತೆಗೆಸಿಬಿಡು. "ಸಾರಿಗೆಯು ಮಾನವನ ಜೀವನಾಡಿಯಾಗಿದೆ" ಅಂತ ಶುರು ಮಾಡಿ ಎಂಟು ಸಾಲು ಎಳೆದಿದಾಳೆ. ಅದು ಪ್ರಬಂಧದ ಪೀಠಿಕೆ. ಪತ್ರಿಕೆಯವರು ಇಂಥ ಪತ್ರ ಬಂದರೆ ಮೊದಲು ಕತ್ತರಿ ಹಾಕುವುದೇ ಅಲ್ಲಿ. ಓದುಗರ ಪತ್ರಕ್ಕೆ ಅವರ ಹತ್ತಿರ ಇರುವುದು ಅಂಗೈ ಅಗಲದ ಜಾಗ. ಮೊದಲ ಸಾಲಿನಲ್ಲೇ ಯಾವ ಊರು, ಯಾವ ಮಾರ್ಗ, ಏನು ತೊಂದರೆ ಅಂತ ಬಂದುಬಿಡಬೇಕು.

ಇನ್ನೊಂದು, "ಚಾಲಕರ ಬೇಜವಾಬ್ದಾರಿಯಿಂದ" ಅಂತ ಬರೆದಿದಾಳೆ. ಅವಳು ನೋಡಿದ್ದು ಬಸ್ಸು ಬರದೇ ಇದ್ದದ್ದನ್ನು. ಚಾಲಕರ ಬೇಜವಾಬ್ದಾರಿಯನ್ನಲ್ಲ. ಕಂಡದ್ದನ್ನು ಬರೆಯಲಿ, ಕಾರಣ ಅವರು ಹುಡುಕಿಕೊಳ್ಳಲಿ. ಆಗಲೇ ಹೇಳಿದೆನಲ್ಲ, ಚಾಲಕನ ತಪ್ಪೇನೂ ಇಲ್ಲದೆಯೂ ಹೀಗಾಗುತ್ತೆ.

"ಬಹಳ ತೊಂದರೆಯಾಗಿದೆ" ಅನ್ನುವುದು ಮೂರು ಸಲ ಬಂದಿದೆ. ಅದರ ಬದಲು ಒಂದು ಸ್ಟಾಪು, ಒಂದು ಹೊತ್ತು, ಒಂದು ಪರಿಣಾಮ ಸಾಕು. ಊರು ಬಿಟ್ಟು ಇಷ್ಟು ವರ್ಷ ಆದರೂ ನನಗೆ ನಿಟುವಳ್ಳಿ ಗೊತ್ತು. ಅದನ್ನೇ ಇಟ್ಟುಕೊಂಡು ಬರೆದಿದೀನಿ. ಗಂಟೆ ನಿಮಿಷ ಎಲ್ಲಾ ಕಲ್ಪನೆ. ಪರೀಕ್ಷೆಯಲ್ಲಿ ಕಲ್ಪಿಸಿಕೊಳ್ಳಬಹುದು, ಆದರೆ ನಂಬುವ ಹಾಗಿರಬೇಕು. "ಮೂರು ತಿಂಗಳಿಂದ ಒಂದೂ ಬಸ್ ಬಂದಿಲ್ಲ" ಅಂದರೆ ಯಾರು ನಂಬುತ್ತಾರೆ? ಈಗ ಓದುತ್ತೇನೆ, ಕೇಳು. ಇದನ್ನೇ ಟೈಪ್ ಮಾಡಿಸಿ ಕೆಳಗೂ ಹಾಕಿಸಿದೀನಿ.

ಇಂದ,
ಕ ಖ ಗ,
ಹತ್ತನೇ ತರಗತಿ,
ಸರ್ಕಾರಿ ಪ್ರೌಢಶಾಲೆ,
ದಾವಣಗೆರೆ.

ಗೆ,
ಸಂಪಾದಕರು,
ಪ್ರಜಾವಾಣಿ ದಿನಪತ್ರಿಕೆ,
ಬೆಂಗಳೂರು.

ಮಾನ್ಯರೇ,

ವಿಷಯ: ನಗರ ಸಾರಿಗೆ ಬಸ್ಸುಗಳ ಅನಿಯಮಿತ ಸಂಚಾರದ ಕುರಿತು ಪತ್ರ ಪ್ರಕಟಿಸಲು ಕೋರಿಕೆ.

ದಾವಣಗೆರೆಯ ನಿಟುವಳ್ಳಿ ಮಾರ್ಗದಲ್ಲಿ ನಗರ ಸಾರಿಗೆ ಬಸ್ಸುಗಳು ಕಳೆದ ಒಂದು ತಿಂಗಳಿಂದ ನಿಗದಿತ ಸಮಯಕ್ಕೆ ಬರುತ್ತಿಲ್ಲ. ಈ ಬಗ್ಗೆ ನನ್ನ ಕೆಳಗಿನ ಪತ್ರವನ್ನು ತಮ್ಮ ಪತ್ರಿಕೆಯ ವಾಚಕರ ವಾಣಿ ವಿಭಾಗದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಬೆಳಿಗ್ಗೆ 8ರಿಂದ 9 ಗಂಟೆಯವರೆಗೆ ಈ ಮಾರ್ಗದಲ್ಲಿ ಕಾಲು ಗಂಟೆಗೊಂದು ಬಸ್ಸು ಬರಬೇಕು. ಆದರೆ ಎರಡು ಬಸ್ಸುಗಳು ಒಟ್ಟಿಗೆ ಬಂದು ಹೋಗುತ್ತವೆ. ಅನಂತರ ಮುಕ್ಕಾಲು ಗಂಟೆಯವರೆಗೆ ಒಂದೂ ಬರುವುದಿಲ್ಲ. ಒಟ್ಟಿಗೆ ಬರುವ ಎರಡರಲ್ಲಿ ಮುಂದಿರುವ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಹಿಂದಿನದು ಖಾಲಿ ಹೋಗುತ್ತದೆ. ಶಾಲೆಯ ಮೊದಲ ಅವಧಿ ವಾರದಲ್ಲಿ ಎರಡು ಮೂರು ದಿನ ತಪ್ಪುತ್ತಿದೆ. ಪಾಸ್ ಇದ್ದರೂ ಆಟೊಗೆ ಹಣ ಕೊಟ್ಟು ಹೋಗಬೇಕಾಗಿದೆ. ಆಸ್ಪತ್ರೆಗೆ ಹೋಗುವ ಹಿರಿಯರೂ ನಿಂತೇ ಕಾಯುತ್ತಾರೆ.

ಸಂಬಂಧಪಟ್ಟ ಸಾರಿಗೆ ಅಧಿಕಾರಿಗಳು ಬೆಳಗಿನ ಹೊತ್ತು ಸಂಚಾರ ನಿಯಂತ್ರಕರನ್ನು ನೇಮಿಸಿ, ಬಸ್ಸುಗಳು ಅಂತರ ಕಾಯ್ದುಕೊಂಡು ಹೊರಡುವಂತೆ ನೋಡಿಕೊಳ್ಳಬೇಕು. ನಿಲ್ದಾಣದಲ್ಲಿ ವೇಳಾಪಟ್ಟಿಯನ್ನು ಹಾಕಿಸಬೇಕು.

ವಂದನೆಗಳೊಂದಿಗೆ,

ಸ್ಥಳ: ದಾವಣಗೆರೆ
ದಿನಾಂಕ: . . . . . .

ಇಂತಿ ತಮ್ಮ ವಿಶ್ವಾಸಿ,
ಕ ಖ ಗ

ಇಷ್ಟೇ. ಒಂದು ಪುಟದೊಳಗೆ ಮುಗಿಯಿತು. ಅವಳದು ಒಂದೂವರೆ ಪುಟ ಇತ್ತು. ಅವಳು ಹೊಡೆದು ಹಾಕಿದ ಸಾಲು ನಡುವಿನ ಪ್ಯಾರಾದಲ್ಲಿ ಇದೆ, ಗಮನಿಸಿದೆಯಾ? ಸ್ವಲ್ಪ ಬಟ್ಟೆ ಬದಲಾಯಿಸಿದೆ ಅಷ್ಟೇ. "ಆಮೇಲೆ" ಅನ್ನುವುದು "ಅನಂತರ" ಆಯಿತು.

ವಾಚಕರ ವಾಣಿ ಅಂತ ಬರೆದದ್ದು ಪ್ರಜಾವಾಣಿಗೆ ಬರೆದದ್ದರಿಂದ. ಪ್ರಶ್ನೆಯಲ್ಲಿ ಬೇರೆ ಪತ್ರಿಕೆ ಕೊಟ್ಟಿದ್ದರೆ, ಅಥವಾ ನಮ್ಮೂರಿನ ಜನತಾವಾಣಿಗೆ ಬರೆದರೆ, ಸುಮ್ನೆ "ಓದುಗರ ಪತ್ರ ವಿಭಾಗ" ಅನ್ನಲಿ. ಒಬ್ಬರ ಮನೆಯ ಹೆಸರನ್ನು ಇನ್ನೊಬ್ಬರ ಬಾಗಿಲಿಗೆ ಅಂಟಿಸುವುದು ಬೇಡ.

ಹಾಂ, ಮರೆತಿದ್ದೆ. ಅವಳು ತನ್ನದೇ ಹೆಸರು, ತನ್ನದೇ ಶಾಲೆ ಹಾಕಿದಾಳೆ. ಅಭ್ಯಾಸದಲ್ಲಿ ನಡೆಯುತ್ತೆ, ಬೋರ್ಡ್ ಪರೀಕ್ಷೆಯಲ್ಲಿ ಖಂಡಿತಾ ಬೇಡ. ಅಲ್ಲಿ ಉತ್ತರ ಪತ್ರಿಕೆ ಯಾರದು ಅಂತ ಮೌಲ್ಯಮಾಪಕರಿಗೆ ಗೊತ್ತಾಗಬಾರದು. ಪ್ರಶ್ನೆಯಲ್ಲೇ "ನಿಮ್ಮನ್ನು ಇಂಥ ಶಾಲೆಯ ಇಂಥವರೆಂದು ಭಾವಿಸಿ" ಅಂತ ಹೆಸರು ಕೊಟ್ಟಿರುತ್ತಾರೆ. ಅದನ್ನೇ ಅಕ್ಷರ ತಪ್ಪದೆ ಹಾಕಲಿ. ಮೇಲೆ ಒಂದು ಹೆಸರು, ಕೆಳಗೆ ಸಹಿಯ ಜಾಗದಲ್ಲಿ ಇನ್ನೊಂದು ಹೆಸರು ಆಗದ ಹಾಗೆ ನೋಡಿಕೊಳ್ಳಲಿ. ಗಡಿಬಿಡಿಯಲ್ಲಿ ಅದೂ ಆಗುತ್ತೆ. ಅವಳ ಪತ್ರದಲ್ಲಿ ದಿನಾಂಕ ಎರಡು ಕಡೆ ಇದೆ, ಒಂದು ಕಡೆ ಸಾಕು. "ಪ್ರೀತಿಯ ಸಂಪಾದಕರಿಗೆ" ಅನ್ನುವುದು ಬೇಡ, ಅವರೇನು ಸೋದರಮಾವನಾ? "ಮಾನ್ಯರೇ" ಸಾಕು. ಐದು ಅಂಕದಲ್ಲಿ ಒಡಲಿಗೂ ಚೌಕಟ್ಟಿಗೂ ಬೇರೆ ಬೇರೆ ಪಾಲು ಇರುತ್ತೆ. ಇಂದ, ಗೆ, ವಿಷಯ, ಸಹಿ ಇವೆಲ್ಲ ಕೈತಪ್ಪಬಾರದ ಅಂಕ.

ಈಗ ಒಂದು ಕೆಲಸ ಮಾಡಿಸು. ನನ್ನ ಪತ್ರ ಬಾಯಿಪಾಠ ಮಾಡಿಸಬೇಡ. ಮುಚ್ಚಿಟ್ಟು, ಪಾಪುವಿನ ಲಸಿಕೆಗೆ ನೀನು ಕಾಯುತ್ತಿದ್ದೆಯಲ್ಲ, ಆ ಹದಡಿ ರಸ್ತೆಯ ಸ್ಟಾಪು ಇಟ್ಟುಕೊಂಡು ಬರೆಯಲಿ. ಹತ್ತು ನಿಮಿಷ ಕೊಡು, ಜಾಸ್ತಿ ಬೇಡ. ಬರೆದದ್ದನ್ನು ಇಲ್ಲೇ ಹಾಕು. ಹೊಡೆದು ಹಾಕಿದ ಸಾಲುಗಳೂ ಫೋಟೋದಲ್ಲಿ ಕಾಣಬೇಕು, ಅಳಿಸಿ ಶುದ್ಧ ಪ್ರತಿ ಕಳಿಸಬೇಡ ಅಂತ ಹೇಳು.