ವಾರ್ಡ್‌ಗೆ ಹಣ ಜಾಸ್ತಿ ಬಂತಾ, ಹಳೇ ಬಾಕಿ ಜಾಸ್ತಿ ಆಯ್ತಾ?

ಕೇಳಿದ್ದು: ಮುಂದಿನ ವಾರ ನಮ್ಮ ಪಾಲಿಕೆಯ ಬಜೆಟ್. ಮೊದಲ ಸಲ ನಾನೊಬ್ಬಳೇ ಅದರ ಸುದ್ದಿ ಬರೀಬೇಕು. ಸ್ಥಾಯಿ ಸಮಿತಿ ಅಧ್ಯಕ್ಷರ ಭಾಷಣ ಬಿಟ್ಟು, ಯಾವ ವಾರ್ಡ್‌ನ ಖರ್ಚಿನಲ್ಲಿ ಏನು ಬದಲಾಯ್ತು ಅಂತ ಬರೆಯೋ ಆಸೆ. ಹೋದ ವರ್ಷದ ಬಜೆಟ್ ಪುಸ್ತಕ ಕೈಯಲ್ಲಿದೆ. ಮಾಡಿದ ಅನುಭವ ಇರೋರು ಹೇಳ್ತೀರಾ?

ಡೆಸ್ಕ್‌ನಲ್ಲಿ ಕೆಲಸ ಮಾಡುವವರು: ಎರಡು ಗಂಟೆ ಕೆಲಸ ಅಷ್ಟೇ. ಹೋದ ವರ್ಷದ ವಾರ್ಡ್‌ವಾರು ಪಟ್ಟಿ ಎಕ್ಸೆಲ್‌ಗೆ ಹಾಕಿ, ಪಕ್ಕದಲ್ಲಿ ಈ ವರ್ಷದ್ದು ಹಾಕಿ, ಕಳೆದುಬಿಡಿ. ಜಾಸ್ತಿ ಸಿಕ್ಕ ಐದು ವಾರ್ಡ್, ಕಡಿಮೆ ಆದ ಐದು ವಾರ್ಡ್. ಹೆಡ್‌ಲೈನ್ ಅಲ್ಲೇ ಸಿಗುತ್ತೆ.

ಪಾಲಿಕೆ ಬೀಟ್‌ನಲ್ಲಿ ಬಹಳ ವರ್ಷ ಇದ್ದವರು: ಕಳೆಯೋದು ಸರಿ. ಆದರೆ ಬಂದ ವ್ಯತ್ಯಾಸವೇ ಸುದ್ದಿ ಅಂದುಕೊಂಡರೆ ಕೆಡುತ್ತೆ. ನಾನು ಹಾಗೆ ಬರೆದು ಮಾರನೇ ದಿನ ತಿದ್ದುಪಡಿ ಹಾಕಿಸಿಕೊಂಡವನು. ಆ ಕಥೆಯನ್ನೇ ಹೇಳ್ತೀನಿ, ಲೆಕ್ಕ ಸುಲಭ ಆಗಲಿ ಅಂತ ವಾರ್ಡ್ ನಂಬರ್, ಮೊತ್ತ ಬದಲಾಯಿಸಿದ್ದೇನೆ.

14ನೇ ವಾರ್ಡ್‌ಗೆ ಹೋದ ವರ್ಷ 60 ಲಕ್ಷ, ಈ ವರ್ಷ 1.40 ಕೋಟಿ. ‘ಎರಡು ಪಟ್ಟಿಗೂ ಹೆಚ್ಚು’ ಅಂತ ಬರೆದೆ. ಆ ವಾರ್ಡ್‌ನ ಕಾರ್ಪೊರೇಟರ್ ಫೋನ್ ಮಾಡಿ, ‘ಎಲ್ಲಿದೆ ಸ್ವಾಮಿ ಆ ದುಡ್ಡು, ನನಗೂ ತೋರಿಸಿ’ ಅಂದರು. ಆಮೇಲೆ ಪುಸ್ತಕದ ಹಿಂದಿನ ಅನುಬಂಧದಲ್ಲಿ ಕಾಮಗಾರಿ ಪಟ್ಟಿ ನೋಡಿದೆ. 1.40 ಕೋಟಿಯಲ್ಲಿ 80 ಲಕ್ಷ ಹಿಂದಿನ ವರ್ಷಗಳಲ್ಲಿ ವರ್ಕ್ ಆರ್ಡರ್ ಆಗಿ ಬಿಲ್ ಕೊಡದೆ ಉಳಿದ ಕೆಲಸಗಳದ್ದು. ಹೊಸ ಕೆಲಸಕ್ಕೆ ಇಟ್ಟಿದ್ದು ಅದೇ 60 ಲಕ್ಷ.

31ನೇ ವಾರ್ಡ್‌ನಲ್ಲಿ ಇದಕ್ಕೆ ಉಲ್ಟಾ. 1.10 ಕೋಟಿ ಇದ್ದದ್ದು 70 ಲಕ್ಷಕ್ಕೆ ಇಳಿದಿತ್ತು. ವಿರೋಧ ಪಕ್ಷದ ವಾರ್ಡ್ ಅದು, ಹಾಗಾಗಿ ಕಥೆ ಸಿಕ್ಕಿತು ಅನ್ನಿಸಿತು. ನೋಡಿದರೆ ಬೀದಿದೀಪ ನಿರ್ವಹಣೆಯ 35 ಲಕ್ಷವನ್ನು ವಾರ್ಡ್‌ನಿಂದ ತೆಗೆದು ಇಡೀ ನಗರದ ಒಂದೇ ಲೆಕ್ಕ ಶೀರ್ಷಿಕೆಗೆ ಸೇರಿಸಿದ್ದರು. ಇದು ಪತ್ತೆಯಾಗೋದು ಹೇಗೆ ಅಂದರೆ, ಬೀದಿದೀಪದ ಸಾಲು ಆ ಒಂದು ವಾರ್ಡ್‌ನಲ್ಲಷ್ಟೇ ಅಲ್ಲ, ಎಲ್ಲಾ ವಾರ್ಡ್‌ನಲ್ಲೂ ಮಾಯ. ನಿಜವಾಗಿ ಇಳಿದದ್ದು 5 ಲಕ್ಷ.

ನಿಜವಾದ ಸುದ್ದಿ ಇದ್ದದ್ದು 22ನೇ ವಾರ್ಡ್‌ನಲ್ಲಿ. ಹೋದ ವರ್ಷ 90 ಲಕ್ಷ, ಈ ವರ್ಷವೂ 90 ಲಕ್ಷ. ಕಳೆದರೆ ಸೊನ್ನೆ, ಹಾಗಾಗಿ ಯಾರೂ ನೋಡಿರಲಿಲ್ಲ. ಒಳಗೆ ಮಾತ್ರ ಚರಂಡಿಗೆ 40 ಲಕ್ಷ ಇದ್ದದ್ದು 10ಕ್ಕೆ ಇಳಿದಿತ್ತು, ಡಾಂಬರಿಗೆ 30 ಇದ್ದದ್ದು 60 ಆಗಿತ್ತು. ಮಳೆ ಬಂದಾಗೆಲ್ಲ ಮನೆಗೆ ನೀರು ನುಗ್ಗುವ ವಾರ್ಡ್ ಅದು.

ಆದ್ದರಿಂದ ವಾರ್ಡ್‌ನ ಒಟ್ಟು ಮೊತ್ತ ಬಿಡಿ, ಕಾಮಗಾರಿ ಪಟ್ಟಿಯನ್ನೇ ಶೀಟ್‌ಗೆ ಹಾಕಿ. ಒಂದು ಕಾಮಗಾರಿಗೆ ಒಂದು ಸಾಲು. A ವಾರ್ಡ್, B ಯಾವ ಬಗೆಯ ಕೆಲಸ, C ಮೊತ್ತ, D ಹೊಸದಾದರೆ N, ಹಳೇದಾದರೆ P. ಹೋದ ವರ್ಷದ ಅನುಬಂಧದಲ್ಲೂ ಅದೇ ಕೆಲಸದ ಹೆಸರು ಇದ್ದರೆ ಹಳೇದು ಅಂತ ಅನುಮಾನಪಡಿ. ಪುಸ್ತಕದಲ್ಲಿ ಗೊತ್ತಾಗದಿದ್ದರೆ ಲೆಕ್ಕಪತ್ರ ವಿಭಾಗದಲ್ಲಿ ಬಾಕಿ ಬಿಲ್ ಪಟ್ಟಿ ಕೇಳಿ. ಆಮೇಲೆ ಒಂದು ವಾರ್ಡ್‌ನ ಹೊಸ ಕೆಲಸದ ಮೊತ್ತ ಹೀಗೆ ಬರುತ್ತೆ:

```
=SUMIFS(C:C,A:A,14,D:D,"N")
```

ಕೊನೆಗೆ ಹೊಸದು, ಹಳೇದು ಎರಡೂ ಸೇರಿಸಿ ಎಲ್ಲಾ ವಾರ್ಡ್‌ನ ಮೊತ್ತ ಕೂಡಿಸಿ, ಕಾಮಗಾರಿಗೆ ಅಂತ ಮುಖ್ಯ ಪುಸ್ತಕದಲ್ಲಿರುವ ಒಟ್ಟು ಮೊತ್ತದಿಂದ ಕಳೆಯಿರಿ. ಉಳಿದದ್ದು ಯಾವ ವಾರ್ಡ್‌ಗೂ ಸೇರದ ಹಣ. ಹೋದ ವರ್ಷಕ್ಕಿಂತ ಅದು ಥಟ್ಟನೆ ಏರಿದ್ದರೆ ನಿಮ್ಮ ಅರ್ಧ ಪ್ರಶ್ನೆ ಅಲ್ಲೇ ಇದೆ.

ಡೆಸ್ಕ್‌ನಲ್ಲಿ ಕೆಲಸ ಮಾಡುವವರು: ಒಪ್ಪಿದೆ. ಆದರೆ ಬಜೆಟ್ ಮಂಡನೆ ಮಧ್ಯಾಹ್ನ, ಪೇಜ್ ಬಿಡೋದು ರಾತ್ರಿ. ಅಷ್ಟೊತ್ತಿಗೆ ಇದೆಲ್ಲ ಆಗುತ್ತಾ?

ಬೀಟ್‌ನವರು: ಆಗಲ್ಲ. ಅವತ್ತು ಭಾಷಣದ ಸುದ್ದಿ ಕೊಡಿ, ಇದನ್ನು ನಾಲ್ಕು ದಿನ ಬಿಟ್ಟು ಕೊಡಿ. ಹೋದ ವರ್ಷದ ಶೀಟ್ ಮಾತ್ರ ಈಗಲೇ ಕೂತು ಮುಗಿಸಿಡಿ. ನುಡಿ ಫಾಂಟ್‌ನ ಪಿಡಿಎಫ್ ಆದರೆ ಕಾಪಿ ಮಾಡಿದಾಗ ಅಕ್ಷರ ಚೆಲ್ಲಾಪಿಲ್ಲಿ ಆಗುತ್ತೆ, ಕೈಯಲ್ಲೇ ಟೈಪ್ ಮಾಡಬೇಕಾಗಬಹುದು.

ಒಬ್ಬ ನಿವಾಸಿ: ನಮ್ಮ ಅಡ್ಡರಸ್ತೆ ಚರಂಡಿ ಮೂರು ವರ್ಷದಿಂದ ಹಾಗೇ ಇದೆ. ಬಜೆಟ್‌ನಲ್ಲಿ ಹಣ ಇದೆ ಅಂತ ವಾರ್ಡ್ ಆಫೀಸ್‌ನಲ್ಲಿ ಹೇಳ್ತಾರೆ, ಕೆಲಸ ಮಾತ್ರ ಆಗಲ್ಲ. ಯಾರಿಗೆ ದೂರು ಕೊಡಬೇಕು ಸರ್?

ಬೀಟ್‌ನವರು: ಅವರು ಕೇಳಿದ್ದು ಬೇರೆ ವಿಷಯ. ಆದರೂ ಒಂದು ಮಾತು: ಆ ಚರಂಡಿಯ ಹೆಸರು ಮೂರು ವರ್ಷದ ಪುಸ್ತಕದಲ್ಲೂ ಇದೆಯಾ ಅಂತ ನೋಡಿದ್ದೀರಾ?

ನಿವಾಸಿ: ಎರಡು ವರ್ಷದ್ದು ನೋಡಿದೆ. ಎರಡರಲ್ಲೂ ಇದೆ, ಮೊತ್ತವೂ ಅದೇ.

ಬೀಟ್‌ನವರು: ವರ್ಕ್ ಆರ್ಡರ್ ಆಗಿದೆಯಾ, ಎಷ್ಟು ಪಾವತಿ ಆಗಿದೆ ಅಂತ ಆರ್‌ಟಿಐ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು. ಕೇಳಿದವರೇ, ಇದನ್ನು ಗಮನಿಸಿ: ಒಂದೇ ಕೆಲಸಕ್ಕೆ ಎರಡು ವರ್ಷ ಹಣ ತೋರಿಸಿದ್ದರೆ ಎರಡು ಸಲ ಖರ್ಚಾಯ್ತು ಅಂತ ಅಲ್ಲ. ಬಹುಶಃ ಒಂದು ಸಲವೂ ಆಗಿರಲ್ಲ. ಅದಕ್ಕೇ ಪರಿಷ್ಕೃತ ಅಂದಾಜಿನ ಕಾಲಂ, ಅಂದರೆ ಆ ವರ್ಷ ನಿಜವಾಗಿ ಎಷ್ಟು ಖರ್ಚಾಗಬಹುದು ಅಂತ ಆಮೇಲೆ ತಿದ್ದಿ ಬರೆದ ಅಂದಾಜನ್ನು ನೋಡಬೇಕು. ಹೋದ ವರ್ಷ 90 ಇಟ್ಟು ಪರಿಷ್ಕೃತದಲ್ಲಿ 30 ಅಂತ ಬರೆದಿದ್ದರೆ, ಈ ಸಲ ಇಟ್ಟ 90ರ ಬೆಲೆ ಎಷ್ಟು ಅಂತ ಓದುಗರೇ ಅಳೀತಾರೆ.

ಕೇಳಿದವರು: ಹಾಗಾದರೆ ನಿಜವಾಗಿ ಖರ್ಚಾದದ್ದು ಆ ಪುಸ್ತಕದಲ್ಲೇ ಸಿಗಲ್ವಾ?

ಪಾಲಿಕೆ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದವರು: ಸಿಗುತ್ತಮ್ಮ, ಆದರೆ ತಡವಾಗಿ. ಬಜೆಟ್ ಮಾಡುವಾಗ ಮಾರ್ಚ್ 31 ಇನ್ನೂ ಬಂದಿರಲ್ಲ. ಹಾಗಾಗಿ ವಾಸ್ತವ ಲೆಕ್ಕದ ಕಾಲಂನಲ್ಲಿ ಇರೋದು ಅದಕ್ಕೂ ಹಿಂದಿನ ವರ್ಷದ್ದು. ಅದೂ ಬಹಳ ಕಡೆ ಲೆಕ್ಕ ಶೀರ್ಷಿಕೆವಾರು ಇರುತ್ತೆ, ವಾರ್ಡ್‌ವಾರು ಅಲ್ಲ. ವಾರ್ಡ್‌ನ ಖರ್ಚು ಬೇಕಾದರೆ ಪಾವತಿ ರಿಜಿಸ್ಟರ್‌ಗೇ ಹೋಗಬೇಕು.

ಇನ್ನೊಂದು. ವಾರ್ಡ್ ಪುನರ್ವಿಂಗಡಣೆ ಆಗಿದೆಯಾ ಅಂತ ಮೊದಲು ನೋಡಿಕೊಳ್ಳಿ. ಬೆಂಗಳೂರಿನಲ್ಲಿ 198 ಇದ್ದ ವಾರ್ಡ್ 2022ರಲ್ಲಿ 243 ಆಯ್ತು, 2023ರಲ್ಲಿ 225 ಆಯ್ತು. ಹೀಗಾದಾಗ ಹಳೇ 14 ಬೇರೆ, ಹೊಸ 14 ಬೇರೆ. ನಂಬರ್ ಒಂದೇ ಅಂತ ಕಳೆದರೆ ಬರೋ ಉತ್ತರಕ್ಕೆ ಅರ್ಥವೇ ಇಲ್ಲ.

ಒಂದು ವಿಷಯಕ್ಕೆ ಮಾತ್ರ ನನ್ನ ತಕರಾರಿದೆ. ಬಾಕಿ ಬಿಲ್ಲನ್ನು ಪಕ್ಕಕ್ಕಿಟ್ಟು ‘ಏನೂ ಬದಲಾಗಿಲ್ಲ’ ಅಂತ ಬರೆಯೋದು ನ್ಯಾಯ ಅಲ್ಲ. ಕೆಲಸ ಆ ವಾರ್ಡ್‌ನಲ್ಲೇ ಆಗಿರುತ್ತೆ, ಹಣವೂ ಈ ವರ್ಷವೇ ಹೋಗುತ್ತೆ.

ಬೀಟ್‌ನವರು: ಈ ವರ್ಷ ಹೋದರೆ ತಾನೇ. ಮುಂದಿನ ವರ್ಷವೂ ಅದೇ 80 ಲಕ್ಷ ಬಾಕಿ ಅಂತಲೇ ಬಂದದ್ದನ್ನು ನಾನು ನೋಡಿದ್ದೇನೆ.

ನಿವೃತ್ತರು: ಬರುತ್ತೆ, ಇಲ್ಲ ಅನ್ನಲ್ಲ. ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ತೋರಿಸಿ, ಒಂದನ್ನು ಅಳಿಸಬೇಡಿ ಅಂತ ನನ್ನ ಮಾತು.

ಕೇಳಿದವರು: ಹೋದ ವರ್ಷದ ಅನುಬಂಧ ಈಗ ತೆಗೆದು ನೋಡಿದೆ. ಕಾಮಗಾರಿ ಪಟ್ಟಿ ಲಕ್ಷದಲ್ಲಿದೆ, ಮುಖ್ಯ ಪುಸ್ತಕ ಸಾವಿರದಲ್ಲಿದೆ. ಮೊದಲು ಅದನ್ನು ಸರಿ ಮಾಡ್ಕೊಂಡು ಬರ್ತೀನಿ.