ಒಂದೇ ಡ್ರಿಪ್ ಪೈಪು, ಎಲ್ಲಿವರೆಗೆ ಟರ್ಬ್ಯುಲೆಂಟ್?

ಕೇಳಿದವರು (ಚನ್ನಗಿರಿ): ಅಡಿಕೆ ತೋಟದಲ್ಲಿ 16 ಎಂಎಂ ಲ್ಯಾಟರಲ್, ಒಂದು ಸಾಲಿಗೆ 40 ಗಿಡ, ಗಿಡಕ್ಕೆ ಗಂಟೆಗೆ 4 ಲೀಟರ್. ಪ್ರಾಜೆಕ್ಟಿಗೆ ಘರ್ಷಣೆ ನಷ್ಟ ಲೆಕ್ಕ ಹಾಕ್ಬೇಕು. ಹರಿವು ಪದರ ಪದರವಾಗಿ ಸಾಗೋ ಲ್ಯಾಮಿನಾರಾ, ಕಲಕಿಕೊಂಡು ಸಾಗೋ ಟರ್ಬ್ಯುಲೆಂಟಾ?

ದಾವಣಗೆರೆಯ ಪ್ಲಂಬಿಂಗ್ ಕಾಂಟ್ರಾಕ್ಟರ್: ರೆನಾಲ್ಡ್ಸ್ ಸಂಖ್ಯೆ ತೆಗೀರಿ, `Re = VD/ν`. V ನೀರಿನ ವೇಗ, D ಪೈಪಿನ ಒಳವ್ಯಾಸ, ν ನೀರಿನ ಚಲನ ಸ್ನಿಗ್ಧತೆ. 2300ರ ಒಳಗಿದ್ರೆ ಲ್ಯಾಮಿನಾರ್, 4000 ದಾಟಿದ್ರೆ ಟರ್ಬ್ಯುಲೆಂಟ್. ಪೈಪಿನ ಬಾಯಲ್ಲಿ ಒಂದ್ಸಲ ಲೆಕ್ಕ ಹಾಕಿದ್ರೆ ಇಡೀ ಸಾಲಿಗೆ ಆಯ್ತು.

ಹೊಳಲ್ಕೆರೆ ರೈತ: ನಮ್ಮಲ್ಲೂ ಕೊನೆ ಗಿಡಕ್ಕೆ ನೀರೇ ಹೋಗ್ತಿರ್ಲಿಲ್ಲ. ಫಿಲ್ಟರ್ ಬಿಚ್ಚಿದ್ರೆ ಬೋರಿನ ಮಣ್ಣು ಒಂದು ಬೊಗಸೆ. ಮೊದಲು ಅದನ್ನ ತೊಳೀರಿ.

ಹೈಡ್ರಾಲಿಕ್ಸ್ ಲ್ಯಾಬ್ ನಡೆಸಿ ನಿವೃತ್ತನಾದವನು (ಚಿತ್ರದುರ್ಗ): ಫಿಲ್ಟರ್ ಮಾತು ನಿಜ, ಆದರೆ ತಂಗಿ ಕೇಳಿದ್ದು ಅದಲ್ಲ. ಕಾಂಟ್ರಾಕ್ಟರ್ ಅಣ್ಣ ಹೇಳಿದ ಸೂತ್ರ ಸರಿ, "ಒಂದ್ಸಲ ಸಾಕು" ಅನ್ನೋದು ತಪ್ಪು. ಡ್ರಿಪ್ಪಲ್ಲಿ ಪ್ರತಿ ಗಿಡದ ಹತ್ರ ನೀರು ಹೊರಗೆ ಹೋಗುತ್ತೆ, ಮುಂದಿನ ವೇಗ ಇಳಿಯುತ್ತೆ. ಮುನ್ನುಗ್ಗುವ ನೀರಿನ ಜಡತ್ವ ಕುಗ್ಗುತ್ತಾ ಬರುತ್ತೆ, ಪದರ ಪದರವನ್ನು ಹಿಡಿದಿಡುವ ಸ್ನಿಗ್ಧತೆ ಮಾತ್ರ ಹಾಗೇ ಇರುತ್ತೆ. ಎರಡರ ಅನುಪಾತವೇ ಈ ಸಂಖ್ಯೆ.

ಒಳವ್ಯಾಸ 14 ಎಂಎಂ ಅಂತಿಟ್ಕೊಳ್ಳಿ. 16 ಅನ್ನೋದು ಹೊರ ಅಳತೆ, ಹುಡುಗರು ತಪ್ಪೋದೇ ಅಲ್ಲಿ. ಬಾಯಲ್ಲಿ ಗಂಟೆಗೆ 160 ಲೀಟರ್, ಅಂದ್ರೆ ವೇಗ ಸೆಕೆಂಡಿಗೆ 0.29 ಮೀಟರ್. 30 ಡಿಗ್ರಿ ನೀರಿಗೆ ν = 0.8 × 10⁻⁶ m²/s. ಸಂಖ್ಯೆ 5050ರ ಆಸುಪಾಸು, ಟರ್ಬ್ಯುಲೆಂಟ್. ಗಿಡಕ್ಕೆ 126ರಂತೆ ಇಳಿಸುತ್ತಾ ಹೋಗಿ. ಎಂಟು ಗಿಡ ದಾಟಿದರೆ 4000, ಕೊನೆಯ 18 ಗಿಡಕ್ಕೆ 2300ರ ಒಳಗೆ. ನಡುವಿನ ತುಂಡು ಎತ್ಲಾಗೂ ಇಲ್ಲ. ಚಳಿಗಾಲದ ಬೆಳಿಗ್ಗೆ ನೀರು 20 ಡಿಗ್ರಿ ಇದ್ರೆ ν 1.0 × 10⁻⁶ ಆಗುತ್ತೆ, ಆಗ ಕೊನೆಯ 22 ಗಿಡ ಲ್ಯಾಮಿನಾರ್.

ಕಾಂಟ್ರಾಕ್ಟರ್: ಒಪ್ಪಿದೆ ಸರ್. ಆದ್ರೆ ಪ್ರತಿ ಡ್ರಿಪ್ಪರಿನ ಮುಳ್ಳು ಪೈಪಿನೊಳಗೆ ಚಾಚಿಕೊಂಡಿರುತ್ತಲ್ಲ, ಅದು ಹರಿವನ್ನ ಕಲಕಲ್ವಾ?

ನಿವೃತ್ತ: ಕಲಕುತ್ತೆ. 1883ರಲ್ಲಿ ರೆನಾಲ್ಡ್ಸ್ ಗಾಜಿನ ನಳಿಕೆಯಲ್ಲಿ ಬಣ್ಣದ ಎಳೆ ಬಿಟ್ಟಾಗ, ನೀರನ್ನ ಅಲುಗಾಡದಂತೆ ನಿಲ್ಲಿಸಿ 12 ಸಾವಿರದವರೆಗೂ ಎಳೆ ಒಡೆಯದಂತೆ ನೋಡಿದ್ದ. ನಮ್ಮ ಲ್ಯಾಬಲ್ಲಿ ಯಾರಾದ್ರೂ ಬಾಗಿಲು ಧಡ್ ಅನ್ಸಿದ್ರೆ ಅದಕ್ಕಿಂತ ಎಷ್ಟೋ ಮುಂಚೆ ಎಳೆ ಚದುರಿಹೋಗ್ತಿತ್ತು. 2300ರ ಕೆಳಗೆ ಕಲಕಿದ್ದು ಸ್ವಲ್ಪ ದೂರದಲ್ಲಿ ತಣ್ಣಗಾಗುತ್ತೆ. ಆದರೆ ಅಷ್ಟರಲ್ಲಿ ಮುಂದಿನ ಮುಳ್ಳು ಬಂದುಬಿಟ್ರೆ? ನಾನು ಅಳೆದಿಲ್ಲ.

ಕೇಳಿದವರು: ಸರ್, ತುಂಡು ಕತ್ತರಿಸಿ ವರ್ನಿಯರಲ್ಲಿ ನೋಡಿದೆ, ಒಳಗೆ 13.2 ಎಂಎಂ. ಗಿಡಕ್ಕೆ 134 ಆಯ್ತು, ಲ್ಯಾಮಿನಾರ್ ಕೊನೆಯ 17ಕ್ಕೆ ಬಂತು. ಅಪ್ಪ ಫಿಲ್ಟರ್ ತೊಳೀತಿದಾರೆ.