ಪದಚರ್ಚೆ: ‘ಪರ್ಫಾರ್ಮೆನ್ಸ್’ ಮೋಡ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಗೇಮಿನ ಸೆಟ್ಟಿಂಗ್ಸ್ ಪುಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ತೆರೆಯಷ್ಟಕ್ಕೆ ಹಿಗ್ಗಿಸುವ ಅಪ್‌ಸ್ಕೇಲಿಂಗ್ ಅಡಿಯಲ್ಲಿ ಬರುವ ಕ್ವಾಲಿಟಿ, ಪರ್ಫಾರ್ಮೆನ್ಸ್ ಎರಡಕ್ಕೂ ‘ಗುಣಮಟ್ಟ’, ‘ಕಾರ್ಯಕ್ಷಮತೆ’ ಅಂತ ಬರೆದಿದ್ದೆ. ಆಡಿ ನೋಡಿದ ಗೆಳತಿ ‘ಕಾರ್ಯಕ್ಷಮತೆ’ಯನ್ನೇ ಒತ್ತಿದಳು. ಅದೇ ಒಳ್ಳೆಯದು ಅಂದುಕೊಂಡಳಂತೆ. ಆಮೇಲೆ ಚಿತ್ರ ಮಸುಕಾಗಿದೆ, ದೂರದ ತಂತಿಬೇಲಿ ಮಿಣುಕುತ್ತಿದೆ ಅಂದಳು. ನನ್ನ ಪದವೇ ದಾರಿ ತಪ್ಪಿಸಿತಾ? ‘ಶಾರ್ಪ್‌ನೆಸ್’ಗೂ ಒಂದು ಪದ ಬೇಕಿದೆ.

—

‘ವೇಗ’ ಅಂತ ಬರೆಯಿರಿ, ಎಲ್ಲರಿಗೂ ಅರ್ಥವಾಗುತ್ತದೆ. ಆ ಮೋಡ್‌ನಲ್ಲಿ ಅರ್ಧದಷ್ಟು ಪಿಕ್ಸೆಲ್ ಮಾತ್ರ ಬಿಡಿಸಿ ಉಳಿದದ್ದನ್ನು ಹಿಗ್ಗಿಸುತ್ತಾರೆ. ಶಾರ್ಪ್‌ನೆಸ್‌ಗೆ ‘ಹರಿತ’ ಸಾಕು. ಅದನ್ನು ಜಾಸ್ತಿ ಮಾಡಿದರೆ ಮಸುಕು ಹೋಗುತ್ತದೆ.

—

ನಾನು ಹಳೆಯ ವಿಡಿಯೊಗಳನ್ನು ದೊಡ್ಡದು ಮಾಡುತ್ತಿರುತ್ತೇನೆ. ನನ್ನ ಸಾಫ್ಟ್‌ವೇರ್‌ನಲ್ಲಿ ಕ್ವಾಲಿಟಿ ಅಂದರೆ ಜಾಸ್ತಿ ಹೊತ್ತು ತಗೊಳ್ಳುವ ಆಯ್ಕೆ, ಅಷ್ಟೇ. ‘ನಿಧಾನ’ ಅಂತ ಬರೆಯಬಹುದಲ್ವಾ?

—

ವಿಡಿಯೊದ ಮೂಲ ಮೊದಲೇ ಇರುತ್ತದೆ. ಗೇಮಿನಲ್ಲಿ ಆ ಮೂಲವನ್ನು ಎಷ್ಟು ದೊಡ್ಡದಾಗಿ ಬಿಡಿಸಬೇಕು ಅನ್ನುವುದನ್ನೇ ಈ ಮೋಡ್ ಹೇಳುತ್ತದೆ. ಹಾಗಾಗಿ ‘ನಿಧಾನ’ ಬೇಡ.

‘ವೇಗ’ ನನಗೂ ಸರಿ ಅನಿಸಿತು. ಆದರೆ ಪಿಕ್ಸೆಲ್ ಅರ್ಧವಲ್ಲ, ಕಾಲು ಭಾಗ. ಗೇಮುಗಳಲ್ಲಿ ಸಿಗುವ ಅಪ್‌ಸ್ಕೇಲರ್‌ಗಳಾದ DLSS, FSR 2 ಎರಡರಲ್ಲೂ ಪರ್ಫಾರ್ಮೆನ್ಸ್ ಅಂದರೆ ಅಗಲವೂ ಅರ್ಧ, ಎತ್ತರವೂ ಅರ್ಧ. 1920×1080 ತೆರೆಗೆ ಚಿತ್ರ 960×540ರಲ್ಲಿ ತಯಾರಾಗುತ್ತದೆ. ಕ್ವಾಲಿಟಿಯಲ್ಲಿ 1280×720. ಅದೇ 3840×2160 ತೆರೆಯಲ್ಲಿ ಪರ್ಫಾರ್ಮೆನ್ಸ್ ಇಟ್ಟರೂ ಮೂಲ 1920×1080 ಇರುತ್ತದೆ. ಹೆಸರು ಒಂದೇ, ಸಿಗುವ ಚಿತ್ರ ಬೇರೆ.

ಬೇಲಿಯ ತಂತಿಯನ್ನೇ ನೋಡಿ. 540 ಸಾಲುಗಳ ಚಿತ್ರದಲ್ಲಿ ಅದು ಒಂದು ಪಿಕ್ಸೆಲ್‌ಗಿಂತ ಸಣ್ಣದು. ಒಂದು ಫ್ರೇಮ್‌ನಲ್ಲಿ ಸಿಗುತ್ತದೆ, ಇನ್ನೊಂದರಲ್ಲಿ ತಪ್ಪಿಹೋಗುತ್ತದೆ. ಅಪ್‌ಸ್ಕೇಲರ್ ಪ್ರತಿ ಫ್ರೇಮ್‌ನಲ್ಲೂ ನೋಡುವ ಜಾಗವನ್ನು ಕೂದಲೆಳೆಯಷ್ಟು ಸರಿಸಿ, ಹಿಂದಿನ ಫ್ರೇಮ್‌ಗಳಲ್ಲಿ ಸಿಕ್ಕಿದ್ದನ್ನೂ ಸೇರಿಸಿಕೊಳ್ಳುತ್ತದೆ. ಸುಮ್ನೆ ನಿಂತು ನೋಡಿದರೆ ತಂತಿ ತುಂಬಿಕೊಳ್ಳುತ್ತದೆ. ಸರಕ್ಕನೆ ತಿರುಗಿದರೆ ಹಳೆಯದರಲ್ಲಿ ಬಹಳಷ್ಟು ಕೆಲಸಕ್ಕೆ ಬರುವುದಿಲ್ಲ, ಚಿತ್ರ ಮಸುಕಾಗುತ್ತದೆ.

ಹರಿತ ಜಾಸ್ತಿ ಮಾಡಿದರೆ ಸಿಗದ ತಂತಿ ಬರುವುದಿಲ್ಲ. ಇರುವ ಅಂಚುಗಳು ಎದ್ದು ಕಾಣುತ್ತವೆ, ಅತಿಯಾದರೆ ಸುತ್ತ ಬಿಳಿ ಗೆರೆ ಮೂಡುತ್ತದೆ. ಅದಕ್ಕೇ ಆ ಸ್ಲೈಡರ್‌ಗೆ ‘ಅಂಚಿನ ಹರಿತ’ ಅನ್ನಿ. ಒಟ್ಟು ಚಿತ್ರದ ಬಗ್ಗೆ ಹೇಳುವಾಗ ‘ನಿಚ್ಚಳ’ ಇರಲಿ. ನಿಮ್ಮ ಗೆಳತಿಯ ತೆರೆ ಎಷ್ಟರದ್ದು?

—

1920×1080 ಸರ್. ಕ್ವಾಲಿಟಿಗೆ ಬದಲಿಸಿ ನೋಡಿದೆವು. ಓಡುವಾಗ ಬೇಲಿ ಇನ್ನೂ ಸ್ವಲ್ಪ ಮಿಣುಕುತ್ತದೆ, ನಿಂತರೆ ನೆಟ್ಟಗೆ ಕಾಣುತ್ತದೆ. ‘ವೇಗ’ ಅಂತ ಬರೆದು, ಕೆಳಗೆ ಸಣ್ಣದಾಗಿ ‘960×540ರಲ್ಲಿ ಬಿಡಿಸಿ ಹಿಗ್ಗಿಸುತ್ತದೆ’ ಅಂತ ಸೇರಿಸಿದ್ದೇನೆ. ತೆರೆ ಬದಲಾದರೆ ಆ ಅಂಕಿಯೂ ಬದಲಾಗುತ್ತದೆ.

‘ಗುಣಮಟ್ಟ’ ಮಾತ್ರ ಈಗಲೂ ಕಾಡುತ್ತಿದೆ. ಅದೂ ಪೂರ್ತಿ ಅಳತೆಯಲ್ಲಿ ಬಿಡಿಸಿದ್ದಲ್ಲವಲ್ಲ.

—

‘ಹೆಚ್ಚು ನಿಚ್ಚಳ’ ಅಂದರೆ?

—

ಮೆನುವಿನ ಪಟ್ಟಿಯಲ್ಲಿ ಅಷ್ಟುದ್ದದ ಹೆಸರಿಗೆ ಜಾಗವಿಲ್ಲ. ‘ನಿಚ್ಚಳ’ ಅಂತಷ್ಟೇ ಹಾಕಿ, ಇನ್ನೂ ಇಬ್ಬರಿಗೆ ಆಡಲು ಕೊಟ್ಟು ನೋಡುತ್ತೇನೆ.